ಹತ್ತು ಹೆಸರಿಲ್ಲದ ಪತ್ರ

ಪುಣೆಯ ವಾಕಡ್, ಬಾಣೇರ್, ಹಿಂಜವಡಿ ಕಡೆಯ ಕನ್ನಡ ತಂದೆತಾಯಿಯರು ಮಗುವಿನ ಶಾಲೆಯ ಪ್ರಿನ್ಸಿಪಾಲರಿಗೆ ಮಾತೃಭಾಷೆಯ ಬಗ್ಗೆ ಪತ್ರ ಬರೆಯಲು ಕೂತರೆ ಅದು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಮೂಡುತ್ತದೆ. ಮೊದಲ ಪ್ಯಾರಾದಲ್ಲಿ ಕನ್ನಡದ ಎರಡು ಸಾವಿರ ವರ್ಷಗಳ ಇತಿಹಾಸ, ಎರಡನೆಯದರಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಮೂರನೆಯದರಲ್ಲಿ ಊರಿಗೆ ಹೋದಾಗ ಅಜ್ಜಿಯ ಜೊತೆ ಮಾತಾಡಲು ತಡವರಿಸಿದ ಮಗು. ಕೊನೆಗೆ ಒಂದು ಕೋರಿಕೆ: ಒಂದರಿಂದ ಐದನೇ ತರಗತಿವರೆಗೆ ಮಗುವಿಗೆ ಮಾತೃಭಾಷೆಯಲ್ಲಿ ಬೋಧನೆ ಸಿಗುವಂತೆ ಮಾಡಿ.

ಅದಕ್ಕೆ ಬರುವ ಉತ್ತರವನ್ನೂ ಊಹಿಸಬಹುದು. ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ. ಒಂದು ತರಗತಿಯಲ್ಲಿ ಏಳೆಂಟು ಭಾಷೆಯ ಮಕ್ಕಳಿದ್ದಾರೆ. ಆದ್ದರಿಂದ ಇದು ಕಾರ್ಯಸಾಧ್ಯವಲ್ಲ. ತಂದೆತಾಯಿ ಈ ಉತ್ತರವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ, ನಾಲ್ಕು ಜನ ಸಿಟ್ಟಾಗುತ್ತಾರೆ, ಮುಂದಿನ ವಾರ ಯುನಿಟ್ ಟೆಸ್ಟ್ ಶುರುವಾಗುತ್ತದೆ.

ಇಲ್ಲಿ ಪ್ರಿನ್ಸಿಪಾಲ್ ಹೇಳಿದ್ದು ಸುಳ್ಳಲ್ಲ. ಮೂವತ್ತೈದು ಮಕ್ಕಳ ತರಗತಿಯಲ್ಲಿ ಮೂವರು ಕನ್ನಡದವರಿದ್ದರೆ ಅದನ್ನು ಕನ್ನಡ ಮಾಧ್ಯಮ ಮಾಡಲು ಯಾರಿಂದಲೂ ಆಗದು. ತಪ್ಪಿರುವುದು ಪತ್ರದಲ್ಲಿ. ಇಲ್ಲವೆನಿಸಿಕೊಳ್ಳಲೆಂದೇ ಹೆಣೆದಂತಿದೆ ಅದು. ಶಾಲೆ ಕೊಡಲಾಗದ್ದನ್ನು ಕೇಳುತ್ತದೆ, ಕೊಡಬಹುದಾದ್ದನ್ನು ಕೇಳುವುದೇ ಇಲ್ಲ. ಕಾನೂನಿನ ಬಲವಿರುವ ಮಾತನ್ನಂತೂ ಆ ಬಲ ಅನ್ವಯಿಸದ ವಿಳಾಸಕ್ಕೆ ಕಳಿಸುತ್ತದೆ.

ಮೊದಲು ವಿಳಾಸದ ವಿಷಯ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕು ಎನ್ನುತ್ತದೆ ಸಂವಿಧಾನದ 350ಎ ವಿಧಿ. ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾದ 1956ರಲ್ಲೇ, ಏಳನೇ ತಿದ್ದುಪಡಿಯಲ್ಲಿ ಸೇರಿದ ವಿಧಿ ಇದು. ಗಡಿಯ ಆಚೆ ಉಳಿದವರಿಗಾಗಿ ಬರೆದದ್ದು. ಆದರೆ ಅದು ಆ ಹೊಣೆಯನ್ನು ಹೊರಿಸಿದ್ದು ಯಾರ ಮೇಲೆ? ರಾಜ್ಯದ ಮೇಲೆ ಮತ್ತು ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಮೇಲೆ. ಪುಣೆಯ ಮಟ್ಟಿಗೆ ಅದು ಮಹಾರಾಷ್ಟ್ರ ಸರ್ಕಾರ ಮತ್ತು ಮಹಾನಗರಪಾಲಿಕೆ. ಖಾಸಗಿ ಶಾಲೆಯ ಹೆಸರು ಅಲ್ಲಿಲ್ಲ.

ಖಾಸಗಿ ಶಾಲೆಗೆ ಇನ್ನೂ ಗಟ್ಟಿಯಾದ ಗುರಾಣಿಯೊಂದಿದೆ, ಅದನ್ನು ಕೊಟ್ಟದ್ದು ಕರ್ನಾಟಕದ್ದೇ ಮೊಕದ್ದಮೆ. ಒಂದರಿಂದ ನಾಲ್ಕನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಕಡ್ಡಾಯವೆಂದು ಕರ್ನಾಟಕ ಸರ್ಕಾರ ಹಿಡಿದ ಪಟ್ಟು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಸೋತಿತು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿ, ಅನುದಾನರಹಿತ ಶಾಲೆ ತನ್ನ ಮಾಧ್ಯಮವನ್ನು ತಾನೇ ಆರಿಸಿಕೊಳ್ಳಬಹುದು, ಮಾತೃಭಾಷೆಯನ್ನು ಹೇರಲು 350ಎ ಸರ್ಕಾರಕ್ಕೆ ಅಧಿಕಾರ ಕೊಡುವುದಿಲ್ಲ ಎಂದಿತು ಪೀಠ. ಬೆಂಗಳೂರಿನ ಇಂಗ್ಲಿಷ್ ಶಾಲೆಗಳು ಗೆದ್ದುಕೊಂಡ ಆ ಹಕ್ಕು ಬಾಣೇರಿನ ಶಾಲೆಗೂ ಉಂಟು. ಶಿಕ್ಷಣ ನೀತಿಯ ಸಾಲಿಗೂ ಮೊದಲಲ್ಲೇ 'ಸಾಧ್ಯವಾದಲ್ಲೆಲ್ಲ' ಎಂಬ ಮಾತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲೂ 'ಕಾರ್ಯಸಾಧ್ಯವಾದಷ್ಟು ಮಟ್ಟಿಗೆ' ಎಂದಿದೆ. ಪತ್ರ ಬರೆಯುವವರು ಈ ಪದಗಳನ್ನು ಹಾರಿಸಿ ಉಳಿದದ್ದನ್ನು ಉಲ್ಲೇಖಿಸುತ್ತಾರೆ. ಪ್ರಿನ್ಸಿಪಾಲರು ಅವುಗಳನ್ನೇ ಹಿಡಿದು ಉತ್ತರ ಬರೆಯುತ್ತಾರೆ.

ಹಾಗಾದರೆ ಏನೂ ಉಳಿದಿಲ್ಲವೇ? ಒಂದು ಎಳೆ ಇದೆ. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿತು. ಮಕ್ಕಳ ಮನೆಭಾಷೆ ಯಾವುದೆಂದು ಪಟ್ಟಿಮಾಡಿ. ಪೂರ್ವಪ್ರಾಥಮಿಕದಿಂದ ಎರಡನೇ ತರಗತಿವರೆಗೆ ಮಗು ಮೊದಲು ಓದುಬರಹ ಕಲಿಯುವ ಭಾಷೆ ಅದಕ್ಕೆ ಪರಿಚಿತವಾದದ್ದಾಗಿರಲಿ, ಆದಷ್ಟು ಮಟ್ಟಿಗೆ ಮಾತೃಭಾಷೆಯೇ ಆಗಿರಲಿ, ಅದು ಆಗದಿದ್ದರೆ ರಾಜ್ಯಭಾಷೆಯಾಗಲಿ ಎಂಬುದು ಅದರ ತಿರುಳು. ಇದರಿಂದ ಕನ್ನಡ ಮಾಧ್ಯಮ ಸಿಗುವುದಿಲ್ಲ. ಆದರೆ ತಂದೆತಾಯಿಗೆ ಒಂದು ಪ್ರಶ್ನೆ ಸಿಗುತ್ತದೆ: ನಿಮ್ಮ ಪಟ್ಟಿಯಲ್ಲಿ ನನ್ನ ಮಗುವಿನ ಹೆಸರಿನ ಎದುರು ಯಾವ ಭಾಷೆ ಬರೆದಿದೆ? ಕನ್ನಡ ಎಂದು ಬರೆದಿರುವ ಮಕ್ಕಳು ಒಂದನೇ ತರಗತಿಯ ಎಲ್ಲ ಸೆಕ್ಷನ್ ಸೇರಿ ಎಷ್ಟು? ಈ ಎರಡು ಪ್ರಶ್ನೆಗೆ ಕಾರ್ಯಸಾಧ್ಯವಲ್ಲ ಎಂಬ ಉತ್ತರ ನಡೆಯುವುದಿಲ್ಲ.

ಸಂಖ್ಯೆಯೇ ಈ ಇಡೀ ವಿಷಯದ ಕೀಲಿ, ಮತ್ತು ಅದು ಬಹಳ ಹಳೆಯ ಕೀಲಿ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರಕ್ಕೆ ಒಪ್ಪಿತು: ಒಂದು ಶಾಲೆಯಲ್ಲಿ ಒಂದು ಭಾಷೆಯ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯಲ್ಲಿ ಕಲಿಸುವ ಒಬ್ಬ ಶಿಕ್ಷಕರನ್ನಾದರೂ ಕೊಡಬೇಕು. ಮುಂದೆ ಇದಕ್ಕೆ ಇನ್ನೊಂದು ಏರ್ಪಾಟು ಸೇರಿತು. ಶಾಲಾವರ್ಷ ಶುರುವಾಗುವ ಮೂರು ತಿಂಗಳ ಮೊದಲೇ ಶಾಲೆಯಲ್ಲಿ ಒಂದು ರಿಜಿಸ್ಟರ್ ತೆರೆದು ಯಾವ ಭಾಷೆಯಲ್ಲಿ ಕಲಿಸಬೇಕೆಂಬ ತಂದೆತಾಯಿಯ ಇಚ್ಛೆಯನ್ನು ಬರೆದುಕೊಳ್ಳುವುದು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಪಕ್ಕದ ಶಾಲೆಗಳ ಮಕ್ಕಳನ್ನು ಒಟ್ಟುಗೂಡಿಸುವುದು. ಇದು ಶಾಸನವಲ್ಲ, ರಾಜ್ಯಗಳು ಒಪ್ಪಿಕೊಂಡ ರಕ್ಷಣೆ. ಸರ್ಕಾರಿ ವ್ಯವಸ್ಥೆಗೆ ಮಾಡಿದ್ದು, ಖಾಸಗಿ ಶಾಲೆಯನ್ನು ಕಟ್ಟಿಹಾಕುವಂಥದ್ದಲ್ಲ. ಆದರೂ ಅದರ ಹಿಂದಿನ ತಿಳಿವಳಿಕೆ ದೊಡ್ಡದು: ಭಾಷೆಯ ಬೇಡಿಕೆ ಎಣಿಕೆಗೆ ಸಿಗಬೇಕು, ಮತ್ತು ಮೊದಲೇ ಸಿಗಬೇಕು.

ಮಹಾರಾಷ್ಟ್ರ ಸರ್ಕಾರವೂ ಇತ್ತೀಚೆಗೆ ಎಣಿಕೆಯ ಭಾಷೆಯಲ್ಲೇ ಮಾತಾಡಿತು. ಒಂದನೇ ತರಗತಿಯಿಂದ ಹಿಂದಿಯನ್ನು ಮೂರನೇ ಭಾಷೆಯಾಗಿ ಕಡ್ಡಾಯ ಮಾಡಿದ 2025ರ ಏಪ್ರಿಲ್ ಆದೇಶಕ್ಕೆ ವಿರೋಧ ಬಂದಾಗ, ಜೂನ್ 17ರ ತಿದ್ದುಪಡಿಯಲ್ಲಿ, ತರಗತಿಯಲ್ಲಿ 20 ಮಕ್ಕಳು ಕೇಳಿದರೆ ಹಿಂದಿಯ ಬದಲು ಬೇರೆ ಭಾರತೀಯ ಭಾಷೆಗೆ ಶಿಕ್ಷಕರನ್ನು ಕೊಡುತ್ತೇವೆ, ಇಲ್ಲದಿದ್ದರೆ ಆನ್‌ಲೈನ್ ಎಂದಿತು. ಜೂನ್ ಮುಗಿಯುವ ಮೊದಲೇ ಎರಡೂ ಆದೇಶ ವಾಪಸಾದವು. 1949ರಲ್ಲಿ ಹತ್ತಿದ್ದದ್ದು 2025ರಲ್ಲಿ ಇಪ್ಪತ್ತಾಗಿತ್ತು ಎಂಬುದನ್ನು ಮಾತ್ರ ನೆನಪಿಡಬೇಕು.

ಪತ್ರಕ್ಕೆ ಒಬ್ಬ ತಂದೆ ಅಥವಾ ತಾಯಿ ಸಹಿ ಹಾಕಿದರೆ ಅದು ಅಳಲು. ಹತ್ತು ಮನೆಯವರು ಮಗುವಿನ ಹೆಸರು, ಸೆಕ್ಷನ್ ಬರೆದು ಸಹಿ ಹಾಕಿದರೆ ಅದು ಟೈಮ್‌ಟೇಬಲಿನ ಪ್ರಶ್ನೆ. ರಾಜ್ಯೋತ್ಸವಕ್ಕೆ ಇನ್ನೂರು ಜನ ಸೇರುವ ಬಡಾವಣೆಯಲ್ಲಿ ಈ ಹತ್ತು ಸಹಿ ಸಿಗುವುದಿಲ್ಲವೆಂದರೆ ದೂರಬೇಕಾದ್ದು ಪ್ರಿನ್ಸಿಪಾಲರನ್ನಲ್ಲ.

ಹತ್ತು ಹೆಸರು ಸಿಕ್ಕಿತು ಎನ್ನೋಣ. ಏನು ಕೇಳಬೇಕು? 'ಮಾಧ್ಯಮ' ಎಂಬ ಪದವನ್ನು ಬಿಟ್ಟುಬಿಡಬೇಕು. ಕೇಳಬೇಕಾದ್ದು ಮಗು ಮೊದಲ ಓದನ್ನು ತನ್ನ ಭಾಷೆಯಲ್ಲಿ ಕಲಿಯಲಿ ಎಂಬುದನ್ನು, ಮತ್ತು ಅದಕ್ಕೆ ಬೇಕಾದಷ್ಟು ಗಂಟೆಗಳನ್ನು.

ಗಂಟೆಯ ಲೆಕ್ಕ ಏಕೆ ಮುಖ್ಯವೆಂದರೆ, ಶಾಲೆಗಳು ಒತ್ತಡಕ್ಕೆ ಮಣಿದಾಗ ಕೊಡುವುದು ವಾರಕ್ಕೊಂದು ಪೀರಿಯಡ್. ಅದು ಶನಿವಾರ, ಆಟದ ಪೀರಿಯಡ್ ಆದಮೇಲೆ. ವರ್ಷಕ್ಕೆ ಮೂವತ್ತೈದು ವಾರ, ವಾರಕ್ಕೆ ನಲವತ್ತು ನಿಮಿಷ ಎಂದರೆ ಇಪ್ಪತ್ಮೂರು ಗಂಟೆ. ಈ ಅವಧಿಯಲ್ಲಿ ಕನ್ನಡ ಓದು ಬರುವುದಿಲ್ಲ. ಕನ್ನಡದ ಬರಹ ಇಂಗ್ಲಿಷಿನಂತೆ ಇಪ್ಪತ್ತಾರು ಅಕ್ಷರಗಳದ್ದಲ್ಲ. ಮೂವತ್ತನಾಲ್ಕು ವ್ಯಂಜನ, ಪ್ರತಿಯೊಂದಕ್ಕೂ ಹದಿಮೂರು ಸ್ವರದ ರೂಪ ಎಂದರೆ ಕಾಗುಣಿತದಲ್ಲೇ ನಾನೂರಕ್ಕೂ ಹೆಚ್ಚು ಆಕಾರಗಳು. ಅದರ ಮೇಲೆ ಒತ್ತಕ್ಷರ. ಉಚ್ಚಾರಕ್ಕೂ ಬರಹಕ್ಕೂ ತಾಳೆ ಇರುವುದರಿಂದ ಒಮ್ಮೆ ಬಂದರೆ ಬಂದಂತೆ. ಆದರೆ ಬರುವವರೆಗೆ ಹಿಡಿಯುವ ಕಾಲ ಉದ್ದ. ಕನ್ನಡ ಶಾಲೆಗಳಲ್ಲಿ ಮಕ್ಕಳ ಓದನ್ನು ಅಳೆದ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದ್ದು ಇದನ್ನೇ: ಪೂರ್ತಿ ಕನ್ನಡದಲ್ಲೇ ಕಲಿಯುವ ಮಕ್ಕಳಿಗೂ ಅಕ್ಷರಗಳ ಮೇಲೆ ಹಿಡಿತ ಒಂದನೇ ತರಗತಿಗೆ ಮುಗಿಯುವ ಕೆಲಸವಲ್ಲ, ಅದು ಮುಂದಿನ ತರಗತಿಗಳಿಗೂ ಚಾಚುತ್ತದೆ.

ದಿನಕ್ಕೆ ಅರ್ಧ ಗಂಟೆಯಾದರೆ ಚಿತ್ರ ಬದಲಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಎನ್ನುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ 200 ದಿನಕ್ಕೆ ನೂರು ಗಂಟೆ, ಅಂದರೆ ಎಂಟರಲ್ಲೊಂದು ಪಾಲು. ಮೂರು ವರ್ಷಕ್ಕೆ ಮುನ್ನೂರು ಗಂಟೆ. ಇಷ್ಟರಲ್ಲಿ ಮಗು ತಾನಾಗಿ ಪುಸ್ತಕ ಹಿಡಿದು ಓದುವ ಹಂತಕ್ಕೆ ಬರುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಇದಕ್ಕೆ ಪ್ರತ್ಯೇಕ ಸೆಕ್ಷನ್ ಬೇಡ. ಒಂದನೇ ತರಗತಿಯ ಎಲ್ಲ ಸೆಕ್ಷನ್‌ಗಳಿಗೂ ದಿನದ ಒಂದೇ ಅರ್ಧ ಗಂಟೆಯನ್ನು ಭಾಷೆಗೆ ಇಟ್ಟರೆ ಸಾಕು. ಆಗ ಕನ್ನಡದ ಹತ್ತು ಮಕ್ಕಳು ಒಂದು ಕೋಣೆಗೆ ಹೋಗುತ್ತಾರೆ, ತೆಲುಗಿನ ಹನ್ನೆರಡು ಮಕ್ಕಳು ಇನ್ನೊಂದಕ್ಕೆ, ಉಳಿದವರು ಇದ್ದಲ್ಲೇ ಮರಾಠಿ ಅಥವಾ ಹಿಂದಿ ಓದುತ್ತಾರೆ. ಒಬ್ಬೊಬ್ಬರೇ ಬರೆದಾಗ ಅಡ್ಡ ನಿಲ್ಲುವ 'ಏಳೆಂಟು ಭಾಷೆಗಳು' ಎಂಬ ಕಾರಣ, ತೆಲುಗು ತಮಿಳಿನವರೂ ಜೊತೆಗೆ ಬಂದಾಗ ಪತ್ರದ ಬಲವಾಗುತ್ತದೆ.

ಪುಸ್ತಕಕ್ಕೆ ದೂರ ಹೋಗಬೇಕಿಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಇರುವುದು ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿ. 1967ರಿಂದ ಇರುವ ಈ ಸಂಸ್ಥೆ ಎಂಟು ಮಾಧ್ಯಮಗಳಲ್ಲಿ ಪುಸ್ತಕ ತರುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಒಂದನೇ ತರಗತಿಯ ಗಣಿತ ಕನ್ನಡದಲ್ಲಿ ಈ ಊರಿನಲ್ಲೇ ತಯಾರಾಗಿ ಅಕ್ಕಲಕೋಟೆಗೂ ಜತ್ತಕ್ಕೂ ಹೋಗುತ್ತದೆ, ಪಿಡಿಎಫ್ ರೂಪದಲ್ಲಿ ಉಚಿತವಾಗಿಯೂ ಸಿಗುತ್ತದೆ. ಪುಣೆಯ ಕನ್ನಡ ತಂದೆತಾಯಿ ಮಾತ್ರ ಬೆಂಗಳೂರಿನಿಂದ ಬರುವವರ ಕೈಯಲ್ಲಿ ವರ್ಣಮಾಲೆಯ ಚಾರ್ಟ್ ತರಿಸಿಕೊಳ್ಳುತ್ತಾರೆ.

ಗಣಿತದ ಮಾತು ಬಂತು. ಮಾತೃಭಾಷೆಯ ವಾದವನ್ನು ಸಂಸ್ಕೃತಿಯ ಮೇಲೆ ಕಟ್ಟುವವರು ಯಾವಾಗಲೂ ಬಿಟ್ಟುಬಿಡುವ ವಿಷಯ ಇದು, ಮಗುವಿಗೆ ಅತಿ ಬೇಗ ಪೆಟ್ಟು ಬೀಳುವುದು ಇಲ್ಲೇ. ಇಂಗ್ಲಿಷಿನಲ್ಲಿ ಎಣಿಸಲು ಕಲಿತ ಆರು ವರ್ಷದ ಮಗುವಿಗೆ ಥರ್ಟೀನ್ ಮತ್ತು ಥರ್ಟಿ ಕಿವಿಗೆ ಒಂದೇ ಥರ ಕೇಳುತ್ತವೆ. 13 ಎಂದರೆ 31 ಬರೆಯುವುದೂ ಉಂಟು, ಏಕೆಂದರೆ ಆ ಪದದಲ್ಲಿ ಮೂರು ಮೊದಲು ಬರುತ್ತದೆ, ಹತ್ತು ಆಮೇಲೆ. ಕನ್ನಡದಲ್ಲಿ ಹದಿಮೂರು ಎಂದರೆ ಹತ್ತು ಮೊದಲು, ಮೂರು ಆಮೇಲೆ. ಬರೆಯುವ ಕ್ರಮವೂ ಅದೇ. ಮೂವತ್ತು ಅದಕ್ಕಿಂತ ಬೇರೆಯಾಗಿಯೇ ಕೇಳುತ್ತದೆ. ಹನ್ನೊಂದರಿಂದ ತೊಂಬತ್ತೊಂಬತ್ತರವರೆಗೆ ಈ ಕ್ರಮ ತಪ್ಪುವುದಿಲ್ಲ.

ಇದು ಸಣ್ಣ ವಿಷಯವಲ್ಲ ಎಂಬುದಕ್ಕೆ ಪುಣೆಯೇ ಸಾಕ್ಷಿ. ಮರಾಠಿಯಲ್ಲಿ 21 'ಏಕವೀಸ್', ಒಂದು ಮೊದಲು, ಇಪ್ಪತ್ತು ಆಮೇಲೆ. 29 'ಏಕೋಣತೀಸ್', ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕ 'ವೀಸ್ ಏಕ್' ಎಂದು ಬಿಡಿಸಿ ಓದುವ ಕ್ರಮವನ್ನು ತಂದಿತು. ರಾಜ್ಯದಾದ್ಯಂತ ಗದ್ದಲವಾಯಿತು, ಮರಾಠಿ ಕೆಟ್ಟಿತೆಂದರು, ರಾಜಕಾರಣಿಗಳೂ ಮಾತಾಡಿದರು. ಗಣಿತ ಸಮಿತಿಯ ಅಧ್ಯಕ್ಷೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ಮಕ್ಕಳಿಗೆ ಸಂಖ್ಯೆಯ ಸ್ಥಾನ ತಿಳಿಯಲೆಂದು ಈ ಬದಲಾವಣೆ ಎಂದು ಸಮರ್ಥಿಸಿಕೊಂಡರು. ಒಂದು ರಾಜ್ಯ ಇಷ್ಟು ಜಗಳವಾಡಿ ಮಕ್ಕಳಿಗೆ ಕೊಡಲು ಹೊರಟ ಕ್ರಮ ಕನ್ನಡದ ಮಗುವಿನ ಬಾಯಲ್ಲಿ ಮನೆಯಿಂದಲೇ ಬರುತ್ತದೆ. ಶಾಲೆ ಅದನ್ನು ಮೊದಲ ದಿನವೇ ಬಾಗಿಲ ಹೊರಗೆ ಬಿಡಿಸುತ್ತದೆ. ಮನೆಯಲ್ಲೂ ಇಂಗ್ಲಿಷಿನಲ್ಲೇ ಎಣಿಸಿ ಎಂದು ತಾಯಿಗೆ ಬುದ್ಧಿ ಹೇಳುವ ಪಿಟಿಎ ಸಭೆಗಳಿಗೂ ಕೊರತೆಯಿಲ್ಲ.

ಪದರೂಪದ ಲೆಕ್ಕದಲ್ಲಿ ಇನ್ನೂ ಸ್ಪಷ್ಟ. ರವಿಯ ಹತ್ತಿರ 13 ಗೋಲಿ ಇವೆ, ಅವು ಸೀತೆಯವಕ್ಕಿಂತ 5 ಹೆಚ್ಚು. ಸೀತೆಯ ಹತ್ತಿರ ಎಷ್ಟು? ಇಂಗ್ಲಿಷಿನಲ್ಲಿ ಕೇಳಿದಾಗ 'ಮೋರ್' ಎಂಬ ಪದ ಕೇಳಿದ ಕೂಡಲೇ ಮಗು ಕೂಡಿಸಿ 18 ಎನ್ನುತ್ತದೆ. ಕನ್ನಡದಲ್ಲಿ ಕೇಳಿದರೂ 'ಹೆಚ್ಚು' ಎಂಬ ಪದ ಅದೇ ಗುಂಡಿಗೆ ಬೀಳಿಸಬಹುದು. ಎಲ್ಲ ಭಾಷೆಯ ಮಕ್ಕಳೂ ಇಲ್ಲಿ ಎಡವುತ್ತಾರೆ. ಆದರೆ ಎರಡೂ ಭಾಷೆಯಲ್ಲಿ ಕೇಳಿದ ಶಿಕ್ಷಕಿಗೆ ಒಂದು ವಿಷಯ ತಿಳಿಯುತ್ತದೆ. ಕನ್ನಡದಲ್ಲಿ 8 ಎಂದು ಸರಿಯಾಗಿ ಹೇಳಿದ ಮಗುವಿಗೆ ಲೆಕ್ಕ ಬರುತ್ತದೆ, ಇಂಗ್ಲಿಷ್ ಬಂದಿಲ್ಲ. ಎರಡರಲ್ಲೂ ತಪ್ಪಿದ ಮಗುವಿಗೆ ಕಳೆಯುವುದನ್ನೇ ಇನ್ನೊಮ್ಮೆ ಕಲಿಸಬೇಕು. ಇಂಗ್ಲಿಷಿನಲ್ಲಿ ಮಾತ್ರ ಕೇಳುವ ಶಾಲೆ ಇಬ್ಬರನ್ನೂ 'ಗಣಿತದಲ್ಲಿ ವೀಕ್' ಎಂಬ ಒಂದೇ ಸಾಲಿಗೆ ಸೇರಿಸುತ್ತದೆ, ಮತ್ತು ಮೊದಲನೆಯ ಮಗು ಅದನ್ನು ನಂಬುತ್ತದೆ.

ಈಗ ಕಷ್ಟದ ಮಾತು. ಪುಣೆಯ ಇಂಗ್ಲಿಷ್ ಶಾಲೆಯ ಮಗುವಿನ ಮೇಲೆ ಮೊದಲೇ ಎರಡು ಲಿಪಿಯ ಭಾರವಿದೆ: ರೋಮನ್ ಮತ್ತು ದೇವನಾಗರಿ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಅದು ನ್ಯಾಯವೇ. ಪುಣೆಯಲ್ಲಿ ಬೆಳೆಯುವ ಮಗುವಿಗೆ ಮರಾಠಿ ಬಾರದಿರುವುದು ಅವಮಾನದ ವಿಷಯ. ಬೆಂಗಳೂರಿನಲ್ಲಿರುವ ಹೊರಗಿನವರು ಕನ್ನಡ ಕಲಿಯಲಿ ಎನ್ನುವವರು ಇಲ್ಲಿ ಬಂದು ಮರಾಠಿಗೆ ಮೂಗು ಮುರಿಯುವಂತಿಲ್ಲ. ಇದರ ಮೇಲೆ ಮೂರನೇ ಲಿಪಿಯೇ ಎಂದು ಶಾಲೆ ಕೇಳಿದರೆ ಆ ಪ್ರಶ್ನೆ ಪ್ರಾಮಾಣಿಕವಾದದ್ದು.

ಉತ್ತರದ ಅರ್ಧ ಲಿಪಿಯಲ್ಲೇ ಇದೆ. ಕನ್ನಡದ ಕಾಗುಣಿತ ಮತ್ತು ಮರಾಠಿಯ ಬಾರಾಖಡಿ ಒಂದೇ ಚೌಕಟ್ಟು. ಕ ಎಂಬುದಕ್ಕೆ ಗುರುತು ಹಚ್ಚಿದರೆ ಕಾ, ಕಿ, ಕೀ ಆಗುತ್ತದೆ ಎಂಬ ತಿಳಿವು ಒಂದರಲ್ಲಿ ಬಂದರೆ ಇನ್ನೊಂದರಲ್ಲಿ ಮತ್ತೆ ಕಲಿಸಬೇಕಿಲ್ಲ. ಹೊಸ ಆಕಾರಗಳನ್ನು ಗುರುತಿಸಿದರೆ ಸಾಕು. ತೊಡಕಾಗುವ ಜಾಗಗಳು ಗೊತ್ತಿರುವಂಥವೇ. ಎ‑ಏ, ಒ‑ಓ ಎಂಬ ಹ್ರಸ್ವ ದೀರ್ಘದ ಭೇದ ಮರಾಠಿ ಬರಹದಲ್ಲಿಲ್ಲ, ಆದ್ದರಿಂದ ಮಗು 'ಕೆರೆ'ಯನ್ನು 'ಕೇರೇ' ಎಂದು ಬರೆಯುತ್ತದೆ. ಮರಾಠಿಯಲ್ಲಿ ಅರ್ಧಾಕ್ಷರ ಮುಂದೆ ಬಂದರೆ ಕನ್ನಡದಲ್ಲಿ ಒತ್ತು ಕೆಳಗೆ ಬರುತ್ತದೆ. ಈ ಎರಡನ್ನು ಬಲ್ಲ ಶಿಕ್ಷಕಿ ಇದ್ದರೆ ಕನ್ನಡ ಮತ್ತು ಮರಾಠಿ ಒಂದನ್ನೊಂದು ಎತ್ತಿ ಹಿಡಿಯುತ್ತವೆ.

ಉಳಿದ ಅರ್ಧ ತಂದೆತಾಯಿಗೆ ರುಚಿಸುವುದಿಲ್ಲ. ದಿನದ ಅರ್ಧ ಗಂಟೆ ಎಲ್ಲಿಂದಲೋ ಬರಬೇಕು, ಅದು ಬರಬೇಕಾದ್ದು ಇಂಗ್ಲಿಷ್ ಬರವಣಿಗೆಯಿಂದ. ಒಂದನೇ ತರಗತಿಯಲ್ಲಿ ಇಂಗ್ಲಿಷ್ ಮಾತು, ಹಾಡು, ಕತೆ ಇರಲಿ; ಸ್ಪೆಲಿಂಗ್, ಡಿಕ್ಟೇಷನ್, ನೋಟ್ಸ್ ಕಾಪಿ ಮಾಡುವುದು ಆರು ತಿಂಗಳಾದರೂ ಹಿಂದೆ ಸರಿಯಲಿ. ಇಷ್ಟು ಹೇಳಿದ ಕೂಡಲೇ ಹತ್ತು ಸಹಿಯಲ್ಲಿ ಆರು ಮಾಯವಾಗುತ್ತವೆ. ಕನ್ನಡ ಬೇಕು, ಆದರೆ ಮೇಲುಗಡೆ ಸಕ್ಕರೆ ಉದುರಿಸಿದಂತೆ ಬೇಕು. ಈ ಇಬ್ಬಗೆ ಪುಣೆಯದಷ್ಟೇ ಅಲ್ಲ. ಕಡ್ಡಾಯ ಕನ್ನಡಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದ ಕರ್ನಾಟಕವೇ 2019ರಲ್ಲಿ ತನ್ನ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ತೆರೆಯಿತು.

ಇಂಗ್ಲಿಷ್ ಹಾಳಾಗುತ್ತದೆ ಎಂಬ ಭಯಕ್ಕೆ ಹಳೆಯ ಪ್ರಯೋಗವೊಂದು ಉತ್ತರ ಕೊಡುತ್ತದೆ. ನೈಜೀರಿಯಾದ ಇಫೆ ಎಂಬಲ್ಲಿ ಬಾಬ್ಸ್ ಫಫುನ್ವಾ ಎಂಬ ಶಿಕ್ಷಣ ತಜ್ಞರ ತಂಡ 1970ರಿಂದ ಮಕ್ಕಳ ಒಂದು ಗುಂಪಿಗೆ ಆರೂ ವರ್ಷ ಯೊರುಬಾ ಭಾಷೆಯಲ್ಲೇ ಪಾಠ ಮಾಡಿತು, ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಿತು. ಇನ್ನೊಂದು ಗುಂಪು ಎಂದಿನಂತೆ ಮೂರು ವರ್ಷದ ಬಳಿಕ ಇಂಗ್ಲಿಷ್ ಮಾಧ್ಯಮಕ್ಕೆ ಹೋಯಿತು. ಕೊನೆಗೆ ಯೊರುಬಾ ಗುಂಪು ಬೇರೆ ವಿಷಯಗಳಲ್ಲಷ್ಟೇ ಅಲ್ಲ, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ, ಮುಂದೆಯೇ ಇತ್ತು. ಹಾಗೆಂದು ಇಡೀ ಹೊಗಳಿಕೆ ಮಾತೃಭಾಷೆಗೆ ಸಲ್ಲದು. ಅಲ್ಲಿ ಹೊಸ ಪುಸ್ತಕಗಳನ್ನು ಬರೆಸಿದ್ದರು, ಇಂಗ್ಲಿಷಿಗೆ ಅದನ್ನೇ ಬಲ್ಲ ಶಿಕ್ಷಕರನ್ನು ಇಟ್ಟಿದ್ದರು. ತಿಳಿಯಬೇಕಾದ್ದೂ ಅದೇ: ಇಂಗ್ಲಿಷ್ ಬರುವುದು ಇಂಗ್ಲಿಷನ್ನು ಚೆನ್ನಾಗಿ ಕಲಿಸಿದಾಗ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸಿದಾಗ ಅಲ್ಲ.

ಇಷ್ಟಾದ ಮೇಲೆ ಪತ್ರ ಹೇಗಿರಬಹುದು? ಒಂದು ಪುಟ ಸಾಕು. ಇತಿಹಾಸ ಬೇಡ, ಅಜ್ಜಿಯೂ ಬೇಡ.

"ಮಾನ್ಯ ಪ್ರಾಂಶುಪಾಲರಿಗೆ,

ಬರುವ ವರ್ಷ ಒಂದನೇ ತರಗತಿಗೆ ಬರುವ, ಕನ್ನಡ ಮನೆಮಾತಿನ ಹತ್ತು ಮಕ್ಕಳ ಹೆಸರನ್ನು ಇದರ ಜೊತೆ ಇಟ್ಟಿದ್ದೇವೆ. ಶಾಲೆಯ ಭಾಷಾ ಪಟ್ಟಿಯಲ್ಲಿ ಇವರ ಮನೆಭಾಷೆ ಕನ್ನಡವೆಂದು ದಾಖಲಾಗಿದೆಯೇ ಎಂದು ತಿಳಿಸಿ. ಎಲ್ಲ ಸೆಕ್ಷನ್‌ಗಳಿಗೂ ದಿನದ ಒಂದೇ ಅರ್ಧ ಗಂಟೆಯನ್ನು ಭಾಷೆಗೆ ಇಟ್ಟು, ಆ ಹೊತ್ತಿನಲ್ಲಿ ಈ ಮಕ್ಕಳಿಗೆ ಕನ್ನಡ ಓದುಬರಹ ಕಲಿಸುವ ಏರ್ಪಾಟು ಮೂರನೇ ತರಗತಿಯವರೆಗೆ ಮಾಡಬೇಕೆಂದು ಕೇಳುತ್ತೇವೆ. ಇದಕ್ಕಾಗಿ ಮೊದಲ ಆರು ತಿಂಗಳು ಇಂಗ್ಲಿಷ್ ಬರವಣಿಗೆ ಕಡಿಮೆಯಾದರೆ ನಮ್ಮ ಒಪ್ಪಿಗೆಯಿದೆ, ಸಹಿ ಹಾಕಿದ್ದೇವೆ. ಮರಾಠಿ ಪಾಠ ಈಗಿರುವಂತೆಯೇ ಇರಲಿ. ಗಣಿತದ ತರಗತಿಯಲ್ಲಿ ಮಗು ಕನ್ನಡದಲ್ಲಿ ಎಣಿಸಿದರೆ, ಕನ್ನಡದಲ್ಲಿ ಉತ್ತರಿಸಿದರೆ ತಡೆಯಬೇಡಿ. ಶಿಕ್ಷಕರು ತರಬೇತಿ ಪಡೆದವರಾಗಿರಲಿ, ಸಂಬಳದ ಮೇಲಿರಲಿ. ವರ್ಷದ ಕೊನೆಗೆ ಮಕ್ಕಳು ಮೊದಲು ನೋಡಿರದ ಒಂದು ಪುಟವನ್ನು ಓದಿಸಿ ನೋಡಲು ನಮ್ಮಲ್ಲಿ ಇಬ್ಬರಿಗೆ ಅವಕಾಶ ಕೊಡಿ."

ಕೊನೆಯ ಎರಡು ವಾಕ್ಯಗಳನ್ನು ಬಿಡುವಂತಿಲ್ಲ. ಕಲಿಸಲು ಒಬ್ಬ ತಾಯಿ ಸ್ವಯಂಸೇವಕಿಯಾಗಿ ಮುಂದೆ ಬರುವುದು ಸಾಮಾನ್ಯ. ಎರಡನೇ ವರ್ಷಕ್ಕೆ ಅವರಿಗೆ ಹೈದರಾಬಾದಿಗೆ ವರ್ಗವಾಗುತ್ತದೆ, ತರಗತಿ ನಿಲ್ಲುತ್ತದೆ. ಕನ್ನಡ ಮಾಧ್ಯಮದಲ್ಲೇ ಓದಿ ಶಿಕ್ಷಕ ತರಬೇತಿ ಪಡೆದವರನ್ನು ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಕನ್ನಡ ಸೀಮೆಯಲ್ಲಿ ಹುಡುಕಬೇಕು; ಅವರಿಗೆ ಮರಾಠಿಯೂ ಗೊತ್ತಿರುತ್ತದೆ. ಇನ್ನು ಓದಿಸಿ ನೋಡುವುದು ಏಕೆಂದರೆ, ಪಾಠವನ್ನು ಬಾಯಿಪಾಠ ಮಾಡಿ ಪುಟದ ಮೇಲೆ ಬೆರಳಾಡಿಸುವ ಮಗು ಓದುತ್ತಿರುವಂತೆಯೇ ಕಾಣುತ್ತದೆ. ಹೊಸ ಪುಟ ಕೊಟ್ಟಾಗ, ಅದರಲ್ಲೂ ಒತ್ತಕ್ಷರ ಬಂದಾಗ, ನಿಜ ತಿಳಿಯುತ್ತದೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಓದಿನ ಹಾಳೆ, ಅಕ್ಷರ, ಪದ, ಸಣ್ಣ ಪ್ಯಾರಾ, ಕತೆ ಎಂಬ ನಾಲ್ಕು ಮೆಟ್ಟಿಲಿನದು, ಕನ್ನಡದಲ್ಲೂ ಇದೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು.

ಪತ್ರ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಮನೆಮಾತು ನಿಜಕ್ಕೂ ಕನ್ನಡವೇ? ಪುಣೆಯ ಕನ್ನಡ ಲೋಕವನ್ನು ಕಟ್ಟಿದವರಲ್ಲಿ ಕರಾವಳಿಯ ಹೋಟೆಲಿನವರು ಬಹಳ. ಅವರ ಮನೆಗಳಲ್ಲಿ ತುಳು, ಕೊಂಕಣಿ. ಕೆಲಸಕ್ಕೆ ಬಂದ ಕಲಬುರಗಿ ಕಡೆಯ ತಾಂಡಾಗಳವರದ್ದು ಲಂಬಾಣಿ. ಮನೆಯಲ್ಲಿ ತುಳು ಮಾತಾಡುವ ಮಗುವಿಗೆ ಕನ್ನಡ ಎರಡನೇ ಭಾಷೆ. ಆ ಮಗುವನ್ನು ಹತ್ತರ ಎಣಿಕೆಗೆ ಸೇರಿಸುವುದಾದರೆ ಸೇರಿಸಲಿ, ಆದರೆ ಮಾತೃಭಾಷೆಯ ವಾದ ಅದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲವೆಂದು ತಿಳಿದಿರಬೇಕು.

ಕನ್ನಡವೊಂದೇ ಗೊತ್ತಿರುವ ಮಕ್ಕಳು ಪುಣೆಯಲ್ಲಿ ಹೆಚ್ಚಾಗಿ ಸಿಗುವುದು ಪ್ರಿನ್ಸಿಪಾಲರಿಗೆ ಪತ್ರ ಬರೆಯುವ ಮನೆಗಳಲ್ಲಲ್ಲ. ಆ ಅಪಾರ್ಟ್‌ಮೆಂಟುಗಳನ್ನು ಕಟ್ಟಲು ಯಾದಗಿರಿ, ಕಲಬುರಗಿ, ವಿಜಯಪುರದಿಂದ ಬಂದವರ ತಗಡಿನ ಶೆಡ್ಡುಗಳಲ್ಲಿ. ಐಟಿ ಮನೆಯ ಮಗುವಿಗೆ ಇಂಗ್ಲಿಷ್ ಕಿವಿಗೆ ಬಿದ್ದಿರುತ್ತದೆ, ಟ್ಯೂಷನ್ ಇದೆ, ಕತೆ ಪುಸ್ತಕವಿದೆ, ತಡವಾದರೂ ದಾಟುತ್ತದೆ. ಗಾರೆ ಕೆಲಸದವರ ಮಗು ಹತ್ತಿರದ ಪಾಲಿಕೆ ಶಾಲೆಗೆ ಸೇರಿದರೆ ಮೊದಲ ದಿನದಿಂದ ಮರಾಠಿ, ಒಂದು ಪದವೂ ತಿಳಿಯದೆ ಹಿಂದಿನ ಸಾಲಿನಲ್ಲಿ ಕೂರುತ್ತದೆ. ಸೈಟ್ ಬದಲಾದಾಗ ಶಾಲೆಯೂ ಬದಲು. ಪುಣೆ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಯನ್ನೂ ನಡೆಸಿಕೊಂಡು ಬಂದಿದೆ, ಕನ್ನಡ ಸಂಘದ ಡಾ. ಕಲ್ಮಾಡಿ ಶಾಮರಾವ್ ಶಾಲೆಯಲ್ಲೂ ಕನ್ನಡ ಮಾಧ್ಯಮವಿದೆ. ಆದರೆ ಪ್ರಾಥಮಿಕ ಶಾಲೆ ಮಗುವಿನ ನಡಿಗೆಯ ದೂರದಲ್ಲಿ, ಒಂದು ಕಿಲೋಮೀಟರಿನೊಳಗೆ ಇರಬೇಕೆಂಬುದು ನಿಯಮ. ಊರಿನ ಅಂಚಿನ ಕಟ್ಟಡದ ಸೈಟಿನಿಂದ ಕನ್ನಡ ಶಾಲೆಗೆ ಎರಡು ಬಸ್ಸು ಹಿಡಿಯಬೇಕು.

350ಎ ಪೂರ್ತಿಯಾಗಿ ಅನ್ವಯಿಸುವುದು ಈ ಮಗುವಿಗೆ. ಹತ್ತರ ಸೂತ್ರವೂ ಈ ಮಗುವಿನ ಶಾಲೆಗೇ. ಇಲ್ಲಿ ಪತ್ರ ಹೋಗಬೇಕಾದ್ದು ಆ ಪಾಲಿಕೆ ಶಾಲೆಯ ಮುಖ್ಯಾಧ್ಯಾಪಕರಿಗೆ, ಪ್ರತಿ ಮಹಾನಗರಪಾಲಿಕೆಯ ಶಿಕ್ಷಣಾಧಿಕಾರಿಗೆ, ಇನ್ನೊಂದು ಪ್ರತಿ ಕೇಂದ್ರದ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. 350ಬಿ ವಿಧಿಯ ಪ್ರಕಾರ ಇಂಥ ದೂರುಗಳನ್ನು ಪರಿಶೀಲಿಸಿ ರಾಷ್ಟ್ರಪತಿಗೆ ವರದಿ ಮಾಡುವುದು ಅವರ ಕೆಲಸ. ಕೇಳಬೇಕಾದ್ದು ಕನ್ನಡ ಬಲ್ಲ ಒಬ್ಬ ಶಿಕ್ಷಕರನ್ನು, ಬಾಲಭಾರತಿಯ ಕನ್ನಡ ಪುಸ್ತಕಗಳನ್ನು, ಅಥವಾ ಇರುವ ಕನ್ನಡ ಶಾಲೆಗೆ ಸೈಟಿನಿಂದ ಒಂದು ವಾಹನವನ್ನು. ಗಾರೆ ಕೆಲಸದ ತಾಯಿಗೆ ಈ ಪತ್ರ ಬರೆಯಲು ಬಿಡುವಿಲ್ಲ, ಬರೆಯಲು ಅಕ್ಷರವೂ ಇಲ್ಲದಿರಬಹುದು. ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆಯಬಲ್ಲ ಕನ್ನಡದವರು ಎದುರಿನ ಕಟ್ಟಡದ ಏಳನೇ ಮಹಡಿಯಲ್ಲಿದ್ದಾರೆ. ಶೆಡ್ಡುಗಳಿಗೆ ಹೋಗಿ ಆರು ವರ್ಷ ತುಂಬಿದ ಮಕ್ಕಳ ಹೆಸರು ಬರೆದುಕೊಳ್ಳಲು ಒಂದು ಭಾನುವಾರ ಸಾಕು.

ಎರಡೂ ಪತ್ರಗಳಿಗೆ ಕಾಲ ಬೇರೆ ಬೇರೆ. ಸಿಬಿಎಸ್‌ಇ 'ಒಂದನೇ ತರಗತಿ' ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಟೈಮ್‌ಟೇಬಲ್ ಅದಕ್ಕೂ ಮೊದಲೇ ಕೂತಿರುತ್ತದೆ. ಹೆಸರುಗಳು ಡಿಸೆಂಬರಿನೊಳಗೆ ಪ್ರಿನ್ಸಿಪಾಲರ ಮೇಜಿನ ಮೇಲಿರಬೇಕು. ಪಾಲಿಕೆಯ ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ. ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ಮಾರ್ಚ್.